ತಿಂದವರೆಷ್ಟು, ತಿನ್ನದವರೆಷ್ಟು: ಹಾಸ್ಟೆಲ್ ವಾರ್ಡನ್ ಬರೆಯಬೇಕಾದ ವರದಿ

ಹಾಸ್ಟೆಲ್ಲಿನಲ್ಲಿ ಒಂದೇ ದಿನ ಮೂವತ್ತು ನಲವತ್ತು ಮಕ್ಕಳಿಗೆ ವಾಂತಿ ಶುರುವಾದರೆ ಸಂಜೆಯೊಳಗೆ ಪ್ರಾಂಶುಪಾಲರ ಮೇಜಿಗೆ ಒಂದು ವರದಿ ಹೋಗಲೇಬೇಕು. ಅದು ಸಾಮಾನ್ಯವಾಗಿ ಅರ್ಧ ಪುಟ ಇರುತ್ತದೆ: "ನಿನ್ನೆ ರಾತ್ರಿಯ ಊಟದಲ್ಲಿ ವ್ಯತ್ಯಾಸವಾಗಿ ಕೆಲವು ವಿದ್ಯಾರ್ಥಿನಿಯರು ಅಸ್ವಸ್ಥಗೊಂಡಿದ್ದು, ಅವರಿಗೆ ಚಿಕಿತ್ಸೆ ಕೊಡಿಸಲಾಗಿದೆ. ಎಲ್ಲರೂ ಚೇತರಿಸಿಕೊಳ್ಳುತ್ತಿದ್ದಾರೆ. ಅಡುಗೆಯವರಿಗೆ ಎಚ್ಚರಿಕೆ ನೀಡಲಾಗಿದೆ."

ಇದನ್ನು ಓದಿದ ಪ್ರಾಂಶುಪಾಲರಿಗಾಗಲಿ, ಮಾರನೆಯ ದಿನ ಬರುವ ತಾಲ್ಲೂಕು ಆರೋಗ್ಯಾಧಿಕಾರಿಗಾಗಲಿ ಕೆಲಸಕ್ಕೆ ಬರುವ ಒಂದು ವಿಷಯವೂ ಸಿಗುವುದಿಲ್ಲ. ಕೆಲವರು ಎಂದರೆ ಎಷ್ಟು ಜನ? ಮೊದಲ ವಾಂತಿ ಎಷ್ಟು ಗಂಟೆಗೆ ಆಯಿತು? ರಾತ್ರಿಯ ಊಟವೇ ಕಾರಣ ಎಂದು ಯಾರು ತೀರ್ಮಾನಿಸಿದರು? ಅದೇ ಊಟ ಮಾಡಿಯೂ ಚೆನ್ನಾಗಿರುವವರು ಎಷ್ಟು? ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಆದರೆ ಕಾರಣ ಪತ್ತೆಯಾಗುವುದು ಹೆಚ್ಚಾಗಿ ಅದರಿಂದಲೇ.

ಇದಕ್ಕೊಂದು ಹಳೆಯ, ಗಟ್ಟಿ ಸಾಕ್ಷಿ ಇದೆ. 1940ರ ಏಪ್ರಿಲ್ 18ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಜಿಲ್ಲೆಯ ಒಂದು ಹಳ್ಳಿ ಚರ್ಚಿನಲ್ಲಿ ರಾತ್ರಿ ಸಾಮೂಹಿಕ ಊಟವಿತ್ತು. ಮಾರನೆಯ ದಿನ ಆರೋಗ್ಯಾಧಿಕಾರಿಗೆ ವಾಂತಿ ಭೇದಿಯ ಸುದ್ದಿ ಮುಟ್ಟಿತು. ತನಿಖೆಗೆ ಹೋದವರು ಊಟಕ್ಕೆ ಬಂದಿದ್ದವರಲ್ಲಿ 75 ಜನರನ್ನು, ಹುಷಾರು ತಪ್ಪಿದವರನ್ನೂ ಹುಷಾರಾಗಿದ್ದವರನ್ನೂ, ಒಂದೇ ಪ್ರಶ್ನೆಪಟ್ಟಿ ಹಿಡಿದು ಮಾತನಾಡಿಸಿದರು. 46 ಜನರಿಗೆ ಕಾಯಿಲೆಯಾಗಿತ್ತು. ಮಾಂಸದಡುಗೆ ಇದ್ದ ಊಟವಾದ್ದರಿಂದ ಯಾರಿಗಾದರೂ ಮೊದಲು ಅನುಮಾನ ಬರುವುದು ಅದರ ಮೇಲೆಯೇ. ಹಂದಿಮಾಂಸ ತಿಂದವರಲ್ಲಿ ನೂರಕ್ಕೆ 63 ಜನ ಮಲಗಿದ್ದರು. ಕೇಳಿದರೆ ಗಾಬರಿಯಾಗುವ ಸಂಖ್ಯೆ. ಆದರೆ ಅದನ್ನು ಮುಟ್ಟದವರಲ್ಲೂ ನೂರಕ್ಕೆ 59 ಜನ ಮಲಗಿದ್ದರು. ಅಂದರೆ ಮಾಂಸ ತಿಂದರೂ ಬಿಟ್ಟರೂ ಹೆಚ್ಚು ವ್ಯತ್ಯಾಸವಾಗಿರಲಿಲ್ಲ. ವೆನಿಲ್ಲಾ ಐಸ್‌ಕ್ರೀಮಿನ ಲೆಕ್ಕ ಬೇರೆಯೇ ಇತ್ತು. ತಿಂದ 54 ಜನರಲ್ಲಿ 43 ಜನರಿಗೆ ಕಾಯಿಲೆ, ತಿನ್ನದ 21 ಜನರಲ್ಲಿ ಬರೀ 3 ಜನರಿಗೆ. ರೋಗಿಗಳನ್ನಷ್ಟೇ ಕೇಳಿದ್ದರೆ ಈ ಅಂತರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಸಾಂಕ್ರಾಮಿಕ ರೋಗಗಳ ತನಿಖೆ ಕಲಿಯುವವರಿಗೆ ಇಂದಿಗೂ ಈ ಲೆಕ್ಕವನ್ನು ಪಾಠವಾಗಿ ಮಾಡಿಸುತ್ತಾರೆ.

ಹಾಸ್ಟೆಲ್ ವಾರ್ಡನ್ ಒಬ್ಬರಿಗೆ ಪ್ರಯೋಗಾಲಯ ಇಲ್ಲ, ವೈದ್ಯಕೀಯ ಪದವಿಯೂ ಇಲ್ಲ. ಆದರೆ ಯಾವ ಅಧಿಕಾರಿಗೂ ಇಲ್ಲದ ಅನುಕೂಲವೊಂದು ಅವರಿಗಿದೆ: ತಿಂದವರೂ ತಿನ್ನದವರೂ ಒಂದೇ ಸೂರಿನಡಿ ಸಿಗುತ್ತಾರೆ, ಅದೂ ನೆನಪು ಹಸಿಯಾಗಿರುವಾಗ.

ಇದು ನಡೆಯುವ ರೀತಿಯನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್, ಏಪ್ರಿಲ್ ತಿಂಗಳು. ಒಟ್ಟು 112 ವಿದ್ಯಾರ್ಥಿನಿಯರು. 16 ಜನ ವಾರಾಂತ್ಯಕ್ಕೆಂದು ಊರಿಗೆ ಹೋದವರು ಇನ್ನೂ ಬಂದಿಲ್ಲ. ಉಳಿದದ್ದು 96. ಭಾನುವಾರ ಮಧ್ಯಾಹ್ನ ಕೋಳಿ ಸಾರು, ಬೇಡದವರಿಗೆ ಹೂಕೋಸಿನ ಪಲ್ಯ. ರಾತ್ರಿ ಅನ್ನ, ಬೇಳೆ ಸಾರು, ಮಜ್ಜಿಗೆ. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಎಂಟೂಮುಕ್ಕಾಲರವರೆಗೆ ಚಿತ್ರಾನ್ನ, ಕಾಯಿ ಚಟ್ನಿ. 9.40ಕ್ಕೆ ಮೊದಲ ಹುಡುಗಿಗೆ ವಾಂತಿ. ಹನ್ನೊಂದರ ಹೊತ್ತಿಗೆ ಶೌಚಾಲಯದ ಮುಂದೆ ಸಾಲು.

ಮೊದಲ ಕೆಲಸ ಬರೆಯುವುದಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್, ಅಗತ್ಯ ಬಿದ್ದರೆ 108. ಕುಡಿದದ್ದು ಒಂದು ಗುಟುಕೂ ನಿಲ್ಲದವರು, ಮಂಪರಾಗಿರುವವರು, ಮೂತ್ರ ಕಟ್ಟಿದವರು, ಮಲದಲ್ಲಿ ರಕ್ತ ಕಂಡವರು ಮೊದಲ ವಾಹನದಲ್ಲೇ ಹೋಗಬೇಕು. ಉಳಿದವರಿಗೆ ಓಆರ್‌ಎಸ್, ಒಂದೊಂದೇ ಗುಟುಕು. ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆಯನ್ನೋ ಆಂಟಿಬಯೋಟಿಕ್ ಅನ್ನೋ ತಂದು ಹಂಚುವುದು ತಪ್ಪು. ಆಂಟಿಬಯೋಟಿಕ್ ಹೊಟ್ಟೆಗೆ ಹೋದ ಮೇಲೆ ತೆಗೆದ ಮಲದ ಮಾದರಿಯಲ್ಲಿ ರೋಗಾಣು ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ.

ಇನ್ನೊಂದು ಕೆಲಸವನ್ನು ಇದೇ ಗಳಿಗೆಯಲ್ಲಿ ಮಾಡಬೇಕು, ಏಕೆಂದರೆ ಬಹುಪಾಲು ತನಿಖೆಗಳು ಹಾಳಾಗುವುದು ಇಲ್ಲಿಯೇ. ಸುದ್ದಿ ಅಡುಗೆಮನೆಗೆ ಮುಟ್ಟಿದ ಕೂಡಲೇ ಅಲ್ಲಿಯವರು ಉಳಿದದ್ದನ್ನೆಲ್ಲ ಚೆಲ್ಲಿ ಪಾತ್ರೆ ತಿಕ್ಕಿ ಕವುಚಿಡುತ್ತಾರೆ. ಅದರ ಹಿಂದೆ ಯಾವಾಗಲೂ ಕೆಟ್ಟ ಉದ್ದೇಶ ಇರುತ್ತದೆಂದಲ್ಲ. ಕೆಟ್ಟದ್ದನ್ನು ಆಚೆ ಹಾಕಿ ಶುಚಿ ಮಾಡುವುದೇ ಸರಿ ಎಂದು ಅವರಿಗೆ ಅನ್ನಿಸುತ್ತದೆ. ಆದರೆ ಆಹಾರ ಸುರಕ್ಷತಾ ಅಧಿಕಾರಿ ಬರುವಷ್ಟರಲ್ಲಿ ಪರೀಕ್ಷೆಗೆ ಕಳಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿ ವಾರ್ಡನ್ ಅಡುಗೆಮನೆಗೆ ಹೋಗಿ, ಚಿತ್ರಾನ್ನದ ತಳ, ಚಟ್ನಿಯ ಉಳಿಕೆ, ರಾತ್ರಿಯ ಮಜ್ಜಿಗೆ, ಏನಿದ್ದರೆ ಅದನ್ನು ಶುಭ್ರವಾದ ಚಮಚದಲ್ಲಿ, ಕುದಿನೀರಿನಲ್ಲಿ ತೊಳೆದು ಆರಿಸಿದ ಬೇರೆ ಬೇರೆ ಡಬ್ಬಿಗಳಿಗೆ ಹಾಕಿಸಿ, ಮುಚ್ಚಳದ ಮೇಲೆ ಪದಾರ್ಥದ ಹೆಸರು, ದಿನ, ಗಂಟೆ ಬರೆದು ಫ್ರಿಜ್ಜಿನಲ್ಲಿ ಇಡಿಸಬೇಕು. ಫ್ರೀಜರಿನಲ್ಲಿ ಅಲ್ಲ. ಹೆಪ್ಪುಗಟ್ಟಿದರೆ ಕೆಲವು ಬಗೆಯ ಬ್ಯಾಕ್ಟೀರಿಯಾ ಸತ್ತು ಎಣಿಕೆ ತಪ್ಪುತ್ತದೆ. ಕುಡಿಯುವ ನೀರಿನ ತೊಟ್ಟಿಯ ನಲ್ಲಿ ಬಂದ್ ಮಾಡಿ, ಆ ದಿನದ ಮಟ್ಟಿಗೆ ಕುದಿಸಿದ ನೀರು ಕೊಡಬೇಕು. ನೀರಿನ ಮಾದರಿಗೆ ಸೋಂಕು ತೆಗೆದ ಬಾಟಲಿ ಬೇಕು, ಆದ್ದರಿಂದ ಅದನ್ನು ಆರೋಗ್ಯ ಇಲಾಖೆಯವರೇ ತೆಗೆಯಲಿ.

ಇಷ್ಟಾದ ಮೇಲೆ ಪಟ್ಟಿ. ಹಾಸ್ಟೆಲ್ಲಿನಲ್ಲಿ ಇಂಥ ದಿನ ಗಾಬರಿಯೂ ಹರಡುತ್ತದೆ. ಪಕ್ಕದ ಮಂಚದವಳು ವಾಂತಿ ಮಾಡಿದ್ದನ್ನು ಕಂಡು ಇನ್ನೊಬ್ಬಳಿಗೆ ಹೊಟ್ಟೆ ತೊಳಸಿದಂತಾಗುತ್ತದೆ, ತಲೆ ಸುತ್ತುತ್ತದೆ. ಅದು ಸುಳ್ಳಲ್ಲ, ಅವಳಿಗೂ ಆರೈಕೆ ಬೇಕು, ಆದರೆ ಪಟ್ಟಿಯೊಳಗೆ ಅದೂ ಸೇರಿದರೆ ಲೆಕ್ಕ ಕಲಸಿಹೋಗುತ್ತದೆ. ಆದ್ದರಿಂದ ಯಾರನ್ನು ಎಣಿಸಬೇಕು ಎಂಬುದನ್ನು ಮೊದಲೇ ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು. ನಮ್ಮ ಉದಾಹರಣೆಯ ವಾರ್ಡನ್ ಹೀಗೆ ಬರೆದುಕೊಂಡರು: "ಸೋಮವಾರ ಬೆಳಿಗ್ಗೆ 6ರಿಂದ ರಾತ್ರಿ 12ರೊಳಗೆ ಒಂದು ಸಲವಾದರೂ ವಾಂತಿ ಮಾಡಿಕೊಂಡವರು, ಅಥವಾ ಮೂರು ಸಲ ಇಲ್ಲವೇ ಹೆಚ್ಚು ನೀರು ಭೇದಿಯಾದವರು." ಈ ಅಳತೆಗೆ ಸಿಕ್ಕವರು 41 ಜನ. ಬರೀ ತಲೆಸುತ್ತು, ಹೊಟ್ಟೆ ತೊಳಸು ಎಂದವರನ್ನು ಬೇರೆ ಹಾಳೆಯಲ್ಲಿ ಬರೆದರು.

ನಂತರ 96 ಜನರಿಗೂ ಅವೇ ಪ್ರಶ್ನೆಗಳು. ವಾಂತಿಯೋ ಭೇದಿಯೋ, ಮೊದಲು ಯಾವುದು, ಎಷ್ಟು ಗಂಟೆಗೆ, ಜ್ವರ ಇದೆಯೇ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ಒಂದೊಂದು ಪದಾರ್ಥವನ್ನೂ ತಿಂದದ್ದುಂಟೇ ಇಲ್ಲವೇ. ಯಾವ ನೀರು ಕುಡಿದದ್ದು. ಹೊರಗೆ ಏನಾದರೂ ತಿಂದದ್ದುಂಟೇ.

ಈ ಕೊನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. ಹಾಸ್ಟೆಲ್ ಆಡಳಿತಕ್ಕೆ ಬಲು ಪ್ರಿಯವಾದ ವಿವರಣೆ ಎಂದರೆ "ಹೊರಗೆ ಪಾನಿಪೂರಿ ತಿಂದು ಬಂದಿರುತ್ತಾರೆ" ಎಂಬುದು. ಅದು ನಿಜವೂ ಆಗಿರಬಹುದು, ಕೇಳಲೇಬೇಕು. ಆದರೆ ಮಲಗಿದವರನ್ನು ಮಾತ್ರ ಕೇಳಿ ಬರೆದರೆ ಅದು ಮಕ್ಕಳ ಮೇಲೆ ಹೊರಿಸಿದ ದೂರಾಗುತ್ತದೆ. ಹುಷಾರಾಗಿದ್ದವರಲ್ಲೂ ಅಷ್ಟೇ ಜನ ಅದೇ ಗಾಡಿಯಲ್ಲಿ ತಿಂದಿದ್ದರೆ ಗಾಡಿಯವನ ತಪ್ಪಿಲ್ಲ. ಕೇಳುವ ರೀತಿಯೂ ಮುಖ್ಯ. ಹೊರಗೆ ಹೋದದ್ದಕ್ಕೆ ಬೈಗುಳ ಕಾದಿದೆ ಎಂದು ಗೊತ್ತಾದರೆ ಯಾರೂ ನಿಜ ಹೇಳುವುದಿಲ್ಲ.

"ಮೇಡಂ, ನಿನ್ನೆ ಕೋಳಿ ಸಾರು ಒಂಥರಾ ವಾಸನೆ ಬರ್ತಿತ್ತು" ಎಂದರು ನಾಲ್ಕೈದು ಹುಡುಗಿಯರು. ಅದನ್ನೂ ವಾರ್ಡನ್ ಬರೆದುಕೊಂಡರು. ಆದರೆ ಸಂಜೆ ಲೆಕ್ಕ ಹಾಕಿದಾಗ ಕೋಳಿ ಸಾರು ತಿಂದ 56 ಜನರಲ್ಲಿ ಕಾಯಿಲೆಯಾದದ್ದು 24 ಜನರಿಗೆ, ನೂರಕ್ಕೆ ಸುಮಾರು 43. ತಿನ್ನದ 40 ಜನರಲ್ಲಿ 17, ಅದೂ ನೂರಕ್ಕೆ ಸುಮಾರು 43. ಇತ್ತ ಚಿತ್ರಾನ್ನ ತಿಂದ 60 ಜನರಲ್ಲಿ 39 ಜನ ಮಲಗಿದ್ದರು, ನೂರಕ್ಕೆ 65. ತಡವಾಗಿ ಎದ್ದವರು, ಲ್ಯಾಬಿಗೆ ಓಡಿದವರು, ಬರೀ ಚಹಾ ಕುಡಿದವರು ಸೇರಿ ಚಿತ್ರಾನ್ನ ತಿನ್ನದವರು 36. ಅವರಲ್ಲಿ ಕಾಯಿಲೆಯಾದದ್ದು ಇಬ್ಬರಿಗೆ.

ಆ ಇಬ್ಬರು ಯಾಕೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೆಳತಿಯ ತಟ್ಟೆಯಿಂದ ಒಂದು ತುತ್ತು ತಿಂದು ಮರೆತಿರಬಹುದು, ಬೇರೆ ಕಾರಣಕ್ಕೆ ವಾಂತಿಯಾಗಿರಬಹುದು. ತಿಂದೂ ಚೆನ್ನಾಗಿದ್ದ 21 ಜನರ ವಿಷಯವೂ ಹಾಗೆಯೇ. ದೊಡ್ಡ ಪಾತ್ರೆಯಲ್ಲಿ ವಿಷ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಎಲ್ಲರೂ ಒಂದೇ ಅಳತೆಯಲ್ಲಿ ತಿನ್ನುವುದೂ ಇಲ್ಲ. ಈ ಅಪವಾದಗಳನ್ನು ವರದಿಯಿಂದ ತೆಗೆದುಹಾಕದೆ ಇದ್ದಂತೆಯೇ ಬರೆಯಬೇಕು. ಲೆಕ್ಕ ನಯವಾಗಿ ಕಾಣಲೆಂದು ತಿದ್ದಿದರೆ ಉಳಿದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ.

ನಿಜವಾದ ತೊಡಕು ಬೇರೆ ಇದೆ. ಚಿತ್ರಾನ್ನ ತಿಂದ 60 ಜನರಲ್ಲಿ 57 ಜನ ಕಾಯಿ ಚಟ್ನಿಯನ್ನೂ ಹಾಕಿಸಿಕೊಂಡಿದ್ದರು. ಎರಡರಲ್ಲಿ ಯಾವುದು ಎಂದು ಈ ಲೆಕ್ಕ ಹೇಳಲಾರದು. ಅಲ್ಲಿ ಪ್ರಯೋಗಾಲಯವೇ ಬೇಕು. ವಾರ್ಡನ್ ಇದನ್ನೂ ಒಂದು ಸಾಲಿನಲ್ಲಿ ಬರೆದರು.

ಗಡಿಯಾರವೂ ಒಂದು ಸಾಕ್ಷಿಯೇ. ಉಪಾಹಾರ ಮುಗಿದ ಒಂದು ಗಂಟೆಯಿಂದ ಆರು ಗಂಟೆಯೊಳಗೆ, ವಾಂತಿಯೇ ಮುಖ್ಯವಾಗಿ, ಜ್ವರವಿಲ್ಲದೆ ಎಲ್ಲರಿಗೂ ಶುರುವಾಗಿ ಮಧ್ಯಾಹ್ನ ಎರಡರ ಹೊತ್ತಿಗೆ ಹೊಸಬರು ನಿಂತುಹೋದರೆ, ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷದ ಮೇಲೆ ಅನುಮಾನ ಬರುತ್ತದೆ. ಸ್ಟೆಫಿಲೋಕಾಕಸ್, ಬ್ಯಾಸಿಲಸ್ ಸೀರಿಯಸ್ ಎಂಬ ಎರಡು ಬ್ಯಾಕ್ಟೀರಿಯಾಗಳು ಹೀಗೆ ಮಾಡುತ್ತವೆ. ಸಾಲ್ಮೊನೆಲ್ಲಾ ಆದರೆ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದೂವರೆ ದಿನ ಬೇಕು, ಜ್ವರವೂ ಭೇದಿಯೂ ಜೊತೆಗೆ ಬರುತ್ತವೆ. ನೀರಿನ ತೊಂದರೆಯಾದರೆ ಒಂದೇ ಬೆಳಿಗ್ಗೆಗೆ ಮುಗಿಯದೆ ಎರಡು ಮೂರು ದಿನ ಹೊಸ ಹೊಸಬರು ಮಲಗುತ್ತಲೇ ಹೋಗಬಹುದು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ಹಾಸ್ಟೆಲ್ಲಿನ 47 ವಿದ್ಯಾರ್ಥಿನಿಯರು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದಾಗ ವೈದ್ಯರ ಅನುಮಾನ ಹೋದದ್ದು ಕಾಲರಾದತ್ತ. ಅಂಥಲ್ಲಿ ಅಡುಗೆಯವರನ್ನು ಬದಲಿಸಿ ಸುಮ್ಮನಾದರೆ ನೀರಿನ ದೋಷ ಹಾಗೆಯೇ ಉಳಿದುಬಿಡುತ್ತದೆ. ಇನ್ನು ತಿಂದ ನಿಮಿಷಗಳಲ್ಲೇ ವಾಂತಿ, ಬಾಯಲ್ಲಿ ನೊರೆ, ಜೊಲ್ಲು, ಉಸಿರಾಟಕ್ಕೆ ಕಷ್ಟ ಕಂಡರೆ ರಾಸಾಯನಿಕ ವಿಷದ ಅನುಮಾನ. ಆಗ ಪಟ್ಟಿ ಪ್ರಶ್ನೆ ಎಲ್ಲ ಬದಿಗಿಟ್ಟು ದೊಡ್ಡ ಆಸ್ಪತ್ರೆಗೇ ಓಡಬೇಕು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದು ಮಾನೋಕ್ರೋಟೋಫಾಸ್ ಎಂಬ ಕೀಟನಾಶಕದಿಂದ.

ನಮ್ಮ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ನಡೆದ ಮಾತುಕತೆ ಚಿಕ್ಕದು.

"ಚಿತ್ರಾನ್ನದ ಅನ್ನ ಯಾವಾಗ ಬಸಿದದ್ದು ಅಣ್ಣ?"

"ರಾತ್ರಿ ಮಿಕ್ಕಿದ್ದೇ ಮೇಡಂ. ಮುಚ್ಚಿಟ್ಟಿದ್ವಿ. ಬೆಳಿಗ್ಗೆ ಆರಕ್ಕೆ ಒಗ್ಗರಣೆ ಹಾಕಿದ್ದು. ಚೆನ್ನಾಗೇ ಇತ್ತು, ನಾನೂ ರುಚಿ ನೋಡ್ದೆ."

ಅವರು ಹೇಳಿದ್ದು ನಿಜವೇ. ಹಳಸಿದ ವಾಸನೆ ಇರಲಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್‌ನ ಬೀಜಕಣಗಳು ಇರುವುದು ಸಾಮಾನ್ಯ. ಅನ್ನ ಕುದಿಯುವ ಶಾಖಕ್ಕೆ ಅವು ಸಾಯುವುದಿಲ್ಲ. ಭಾನುವಾರ ಸಂಜೆ ಆರಕ್ಕೆ ಬೆಂದ ಅನ್ನ ದೊಡ್ಡ ಪಾತ್ರೆಯಲ್ಲಿ ಮುಚ್ಚಳ ಹಾಕಿಸಿಕೊಂಡು ಬೆಳಿಗ್ಗೆ ಆರರವರೆಗೆ ಏಪ್ರಿಲ್ ಸೆಕೆಯಲ್ಲಿ ಇತ್ತು. ಮೇಲೆ ಮುಟ್ಟಿದರೆ ತಣ್ಣಗಿದ್ದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಆ ಬೆಚ್ಚನೆಯಲ್ಲಿ ಬೀಜಕಣ ಮೊಳೆತು, ಬ್ಯಾಕ್ಟೀರಿಯಾ ಬೆಳೆದು, ವಾಂತಿ ತರಿಸುವ ಸೆರ್ಯುಲೈಡ್ ಎಂಬ ವಿಷವನ್ನು ಬಿಡಬಲ್ಲದು. ಬೆಳಿಗ್ಗೆ ಒಗ್ಗರಣೆ ಹಾಕಿ ಬಾಡಿಸಿದರೆ ಬ್ಯಾಕ್ಟೀರಿಯಾ ಕೆಲವು ಸಾಯಬಹುದು, ಆದರೆ ಆ ವಿಷ ಪ್ರೆಷರ್ ಕುಕ್ಕರಿನ ಶಾಖವನ್ನೂ ತಡೆದುಕೊಳ್ಳುತ್ತದೆ. ನಿಂಬೆರಸದ ಹುಳಿ ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯಬಹುದಿತ್ತು, ಆದರೆ ಅದು ಬೀಳುವುದು ಬೆಳಿಗ್ಗೆ, ಆಗಬೇಕಾದದ್ದೆಲ್ಲ ಆದ ಮೇಲೆ.

ಬಹುಮಂದಿಗೆ ಇದು ಒಂದು ದಿನದ ಹಿಂಸೆ, ಮಾರನೆಯ ದಿನ ಚೇತರಿಸುತ್ತಾರೆ. ಆದರೆ ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ, ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಗೆಟ್ಟಿಯನ್ನು ಬಿಸಿ ಮಾಡಿ ತಿಂದು ಮಲಗಿದವನು ಬೆಳಿಗ್ಗೆ ಸತ್ತಿದ್ದ. ಪರೀಕ್ಷೆಯಲ್ಲಿ ಕಂಡದ್ದು ಇದೇ ಬ್ಯಾಕ್ಟೀರಿಯಾ.

ಹಾಗಿದ್ದರೂ ವಾರ್ಡನ್ ತಮ್ಮ ವರದಿಯಲ್ಲಿ ಬ್ಯಾಸಿಲಸ್ ಎಂದೂ ಬರೆಯಲಿಲ್ಲ, ಅಡುಗೆಯವರ ನಿರ್ಲಕ್ಷ್ಯ ಎಂದೂ ಬರೆಯಲಿಲ್ಲ. ಅದು ಅವರು ಹೇಳುವ ಮಾತಲ್ಲ. ಮೆಸ್ಸಿನ ಉಸ್ತುವಾರಿ ಅವರದ್ದೇ ಆಗಿರುವಾಗ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಇಡೀ ವರದಿಯ ಮೇಲೆ ಸಂಶಯ ಬರುತ್ತದೆ. ಅವರು ಕಳಿಸಿದ ವರದಿಯ ತಿರುಳು ಇಷ್ಟು:

"ಮಾನ್ಯರೇ, ಇಂದು ಸೋಮವಾರ ಬೆಳಿಗ್ಗೆ 9.40ರಿಂದ ಮಧ್ಯಾಹ್ನ 1.50ರೊಳಗೆ, ನಿಲಯದಲ್ಲಿ ಹಾಜರಿದ್ದ 96 ವಿದ್ಯಾರ್ಥಿನಿಯರ ಪೈಕಿ 41 ಜನರಿಗೆ ವಾಂತಿ ಅಥವಾ ಭೇದಿಯಾಗಿದೆ. ಹೆಚ್ಚಿನವರಿಗೆ ವಾಂತಿ, 9 ಜನರಿಗೆ ಭೇದಿಯೂ ಇದೆ, ಜ್ವರ ಯಾರಿಗೂ ಕಂಡಿಲ್ಲ. 11 ಜನರನ್ನು ತಾಲ್ಲೂಕು ಆಸ್ಪತ್ರೆಗೆ ದಾಖಲಿಸಿದೆ, ಉಳಿದವರು ವೈದ್ಯರ ಸಲಹೆಯಂತೆ ನಿಲಯದಲ್ಲಿದ್ದಾರೆ. ಆಹಾರದಿಂದ ಆಗಿರಬಹುದೆಂಬ ಅನುಮಾನವಿದೆ, ಕಾರಣ ದೃಢಪಟ್ಟಿಲ್ಲ. ಯಾವ ಪದಾರ್ಥ ತಿಂದವರಲ್ಲಿ, ತಿನ್ನದವರಲ್ಲಿ ಎಷ್ಟೆಷ್ಟು ಜನರಿಗೆ ಕಾಯಿಲೆಯಾಗಿದೆ ಎಂಬ ಪಟ್ಟಿ ಲಗತ್ತಿಸಿದೆ. ಚಿತ್ರಾನ್ನಕ್ಕೆ ಬಳಸಿದ ಅನ್ನ ಭಾನುವಾರ ಸಂಜೆ 6ಕ್ಕೆ ಬೇಯಿಸಿದ್ದೆಂದು ಅಡುಗೆಯವರು ತಿಳಿಸಿದ್ದಾರೆ. ಉಳಿದ ಆಹಾರದ ಮೂರು ಮಾದರಿಗಳು ಫ್ರಿಜ್ಜಿನಲ್ಲಿವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 10.50ಕ್ಕೆ ತಿಳಿಸಿದೆ. ಜಿಲ್ಲಾ ಸರ್ವೇಕ್ಷಣಾಧಿಕಾರಿ ಹಾಗೂ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಕಾಲೇಜಿನಿಂದ ಲಿಖಿತವಾಗಿ ತಿಳಿಸಲು ಕೋರುತ್ತೇನೆ."

ಹೆಸರುಗಳು ಈ ಪತ್ರದಲ್ಲಿಲ್ಲ. ಅವು ಮುಚ್ಚಿದ ಲಕೋಟೆಯಲ್ಲಿ ವೈದ್ಯಾಧಿಕಾರಿಗೆ ಹೋದವು. ಯಾರಿಗೆ ಎಷ್ಟು ಸಲ ಭೇದಿಯಾಯಿತು ಎಂಬುದು ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಬೇಕಾದ ಸಂಗತಿಯಲ್ಲ. ಪೋಷಕರಿಗೆ ಮಾತ್ರ ಆಯಾ ಮಗುವಿನ ಸ್ಥಿತಿಯನ್ನು ವಾರ್ಡನ್ನೇ ಫೋನ್ ಮಾಡಿ ಹೇಳಿದರು. 2023ರ ಫೆಬ್ರವರಿಯಲ್ಲಿ ಮಂಗಳೂರಿನಲ್ಲಿ ನರ್ಸಿಂಗ್ ಕಾಲೇಜೊಂದರ ಹಾಸ್ಟೆಲ್ಲಿನ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದ ಸುದ್ದಿ ಟೀವಿಯಲ್ಲಿ ಬಂದಂತೆ, ಇಂಥ ಸುದ್ದಿಗಳು ಮನೆಗೆ ಮುಟ್ಟುವುದು ಬಹಳ ಬೇಗ. ಕಾಲೇಜಿನ ಫೋನ್ ಅದಕ್ಕಿಂತ ಮೊದಲು ಹೋಗಬೇಕು.

ಪ್ರಾಂಶುಪಾಲರು ಮುಂದೆ ಕಳಿಸಬೇಕಾದ ದಾರಿಯೂ ಸಿದ್ಧವಿದೆ. ದೇಶದಲ್ಲಿ 2004ರಿಂದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮ ನಡೆಯುತ್ತಿದೆ. ಜಿಲ್ಲೆಗೆ ಒಬ್ಬ ಸರ್ವೇಕ್ಷಣಾಧಿಕಾರಿ, ಸ್ಥಳಕ್ಕೆ ಬರುವ ತ್ವರಿತ ತಂಡ ಇರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಅಧಿಕಾರಿ ಕಳಿಸಿದ ಮಾದರಿಗೆ ಆಹಾರ ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ಅದೇ ಕಾಯ್ದೆಯ 65ನೇ ಕಲಂ ಆಹಾರದಿಂದ ಹಾನಿಗೊಳಗಾದವರಿಗೆ ಪರಿಹಾರದ ದಾರಿ ತೋರಿಸುತ್ತದೆ. ಮುಂದೆ ಯಾವ ಪೋಷಕರಾದರೂ ಆ ದಾರಿ ಹಿಡಿದರೆ ಮೊದಲ ದಿನದ ಗಂಟೆ ನಿಮಿಷಗಳ ದಾಖಲೆ ಬೇಕಾಗುತ್ತದೆ.

ಪ್ರಯೋಗಾಲಯದ ಉತ್ತರವನ್ನು ಓದುವುದಕ್ಕೂ ಎಚ್ಚರ ಬೇಕು. ಚಿತ್ರಾನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಸಿಕ್ಕಿತು ಎಂದ ಮಾತ್ರಕ್ಕೆ ಅದೇ ಕಾರಣ ಎಂದಾಗದು, ಅಕ್ಕಿಯಲ್ಲಿ ಅದು ಅಷ್ಟಿಷ್ಟು ಇದ್ದೇ ಇರುತ್ತದೆ. ಎಣಿಕೆ ಗ್ರಾಂಗೆ ಒಂದು ಲಕ್ಷ ಅಥವಾ ಹೆಚ್ಚಿದ್ದರೆ ಪುರಾವೆಯೆಂದು ಒಪ್ಪುತ್ತಾರೆ. ಇನ್ನೊಂದು ಕಡೆ, ಏನೂ ಸಿಗಲಿಲ್ಲ ಎಂದು ಬಂದರೆ ಆಹಾರ ನಿರ್ದೋಷಿ ಎಂದೂ ಅರ್ಥವಲ್ಲ. ಒಗ್ಗರಣೆಯ ಶಾಖಕ್ಕೆ ಬ್ಯಾಕ್ಟೀರಿಯಾ ಸತ್ತು ವಿಷ ಮಾತ್ರ ಉಳಿದಿರಬಹುದು, ಆ ವಿಷವನ್ನೇ ಹುಡುಕುವ ಪರೀಕ್ಷೆ ಎಲ್ಲ ಕಡೆ ಇರುವುದಿಲ್ಲ. ಆಗ 60ರಲ್ಲಿ 39, 36ರಲ್ಲಿ 2 ಎಂಬ ವಾರ್ಡನ್ ಅವರ ಲೆಕ್ಕವೇ ಕೈಯಲ್ಲಿರುವ ದೊಡ್ಡ ಆಧಾರ.

ಎರಡನೆಯ ವರದಿ ಮಂಗಳವಾರ ಸಂಜೆ ಹೋಯಿತು, ಮೂರನೆಯದು ಗುರುವಾರ. ಹೊಸದಾಗಿ ಯಾರಿಗೂ ಕಾಯಿಲೆಯಾಗಿಲ್ಲ, 11 ಜನರೂ ಮನೆಗೆ ಅಥವಾ ನಿಲಯಕ್ಕೆ ಮರಳಿದ್ದಾರೆ, ಮಾದರಿಗಳನ್ನು ಅಧಿಕಾರಿಗಳು ಸಹಿ ಹಾಕಿ ಒಯ್ದಿದ್ದಾರೆ ಎಂಬ ವಿವರಗಳ ಕೆಳಗೆ ವಾರ್ಡನ್ ಮೂರು ಕೋರಿಕೆಗಳನ್ನು ಬರೆದರು. ಚಿತ್ರಾನ್ನ, ಪುಳಿಯೋಗರೆಗೆ ಬೆಳಿಗ್ಗೆಯೇ ಅನ್ನ ಮಾಡಲು ಅಡುಗೆಮನೆಗೆ ಇನ್ನೊಬ್ಬ ಸಹಾಯಕರು ಬೇಕು, ಐದು ಗಂಟೆಗೆ ಒಬ್ಬರೇ ಎದ್ದು ನೂರು ಜನರ ಅನ್ನ ಬಸಿಯಲಾಗದೆಂದೇ ರಾತ್ರಿಯ ಅನ್ನ ಬಳಕೆಗೆ ಬಂದದ್ದು. ರಾತ್ರಿ ಮಿಕ್ಕ ಅನ್ನವನ್ನು ಮಾರನೆಯ ದಿನಕ್ಕೆ ಇಡಬಾರದೆಂದು ಲಿಖಿತ ಆದೇಶ ಬೇಕು. ದಿನದ ಪ್ರತಿ ಪದಾರ್ಥದಿಂದ ನೂರು ಗ್ರಾಂನಷ್ಟು ತೆಗೆದು ಮೂರು ದಿನ ಇಡಲು ಬೇರೆಯದೇ ಒಂದು ಸಣ್ಣ ಫ್ರಿಜ್ ಬೇಕು. ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್, ಅದರಲ್ಲಿ ನಾಲ್ಕು ಕಾಲಂ: ಪದಾರ್ಥ, ಬೆಂದ ಗಂಟೆ, ಬಡಿಸಿದ ಗಂಟೆ, ಮಿಕ್ಕದ್ದು ಏನಾಯಿತು.